ಮೊದಲು ಚೀಟಿ ನೆಟ್ಟಗಾಗಲಿ, ಆಮೇಲೆ ಓದಿಸೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ಕಬ್ಬಿನ ಕಾಟಾ ಚೀಟಿ ಹೊಸದಲ್ಲ. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ ತೂಕ, ಈ ಮೂರು ಅಂಕಿ ಅದರಲ್ಲಿ ಇರ್ತಾವೆ. ಬಿಲ್ ಬರೋವರೆಗೆ ರೈತನ ಕೈಲಿರೋ ಲೆಕ್ಕ ಅದೇ. ಕಾಗದ ಬೆವರಿಗೆ ನೆನೆಯುತ್ತೆ, ಮಡಚಿ ಹರಿಯುತ್ತೆ, ಥರ್ಮಲ್ ಕಾಗದವಾದರೆ ಅಕ್ಷರವೇ ಮಾಸಿ ಹೋಗುತ್ತೆ. ಅದಕ್ಕೇ ಈಗ ಎಲ್ಲರೂ ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಕೋತಾರೆ. ಹಂಗಾಮು ಮುಗಿಯೋ ಹೊತ್ತಿಗೆ ಮನೆಯಲ್ಲಿ ಓದೋ ಹುಡುಗರ ಹತ್ತಿರ ಅಷ್ಟೂ ಫೋಟೋ ಬರ್ತಾವೆ: "ಇವನ್ನೆಲ್ಲಾ ಒಂದ್ ಕಡೆ ಕೂಡಿಸಿ ಕೊಡಪಾ."

ಓಸಿಆರ್‌ಗೆ ಕೊಟ್ಟರೆ ಆಯ್ತಲ್ಲ ಅಂತ ಅನ್ನಿಸುತ್ತೆ. ಆದರೆ ನೆರಳು ಬೀಳಬಾರದು ಅಂತ ಪಕ್ಕಕ್ಕೆ ನಿಂತು, ಓರೆಯಾಗಿ ತೆಗೆದ ಫೋಟೋ ಅದು. ಆಯತಾಕಾರದ ಚೀಟಿ ಅದರಲ್ಲಿ ಅಡ್ಡಾದಿಡ್ಡಿ ಚತುರ್ಭುಜ ಆಗಿರುತ್ತೆ. ಅದನ್ನು ಮತ್ತೆ ಆಯತ ಮಾಡೋದೇ ಪರ್‌ಸ್ಪೆಕ್ಟಿವ್ ಕರೆಕ್ಷನ್.

ಬರೀ ತಿರುಗಿಸಿದರೆ ಯಾಕೆ ಸಾಲದು?

ಒಂದು ಉದಾಹರಣೆ ಇಟ್ಕೊಂಡು ಲೆಕ್ಕ ಮಾಡೋಣ. ಚೀಟಿ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ. ಫೋಟೋದಲ್ಲಿ ಅದರ ಮೂಲೆಗಳು ಹೀಗಿವೆ ಅನ್ನಿ: ಮೇಲಿನ ಎಡ (720, 640), ಮೇಲಿನ ಬಲ (2180, 540), ಕೆಳಗಿನ ಬಲ (2790, 3480), ಕೆಳಗಿನ ಎಡ (250, 3300).

ಮೇಲಂಚು ಬಲಕ್ಕೆ ಹೋಗ್ತಾ ಸುಮಾರು 4 ಡಿಗ್ರಿ ಏರಿದೆ. ಕೆಳಂಚು ಬಲಕ್ಕೆ ಹೋಗ್ತಾ ಸುಮಾರು 4 ಡಿಗ್ರಿ ಇಳಿದಿದೆ. ಎರಡರ ಸರಾಸರಿ ಹೆಚ್ಚುಕಡಿಮೆ ಸೊನ್ನೆ. ಇಡೀ ಪುಟಕ್ಕೆ ಒಂದೇ ಕೋನ ಹುಡುಕಿ ತಿರುಗಿಸೋ ಪ್ರೋಗ್ರಾಂ ಇದನ್ನು ನೋಡಿ "ಚೀಟಿ ನೆಟ್ಟಗೇ ಇದೆ" ಅಂತ ಬಿಟ್ಟುಬಿಡಬಹುದು. ಯಾವ ಕೋನಕ್ಕೆ ತಿರುಗಿಸಿದರೂ ಒಂದು ಅಂಚು ಸರಿಹೋದರೆ ಇನ್ನೊಂದು ಹೆಚ್ಚು ಓರೆಯಾಗುತ್ತೆ.

ಇದರಿಂದ ಆಗೋ ನಷ್ಟ ಏನು? ಮೇಲಂಚಿನ ಒಂದು ತುದಿಯಿಂದ ಇನ್ನೊಂದು ತುದಿಗೆ 100 ಪಿಕ್ಸೆಲ್ ಏರಿಕೆ ಇದೆ. ಸಾಲುಗಳ ನಡುವೆ 6 ಮಿ.ಮೀ. ಅಂತರ ಇದ್ದರೆ, ಚೀಟಿಯ ಆ ತುದಿಯಲ್ಲಿ ಅದು ಸುಮಾರು 50 ಪಿಕ್ಸೆಲ್ ಮಾತ್ರ. ಅಂದರೆ ಎಡ ತುದಿಯಿಂದ ಸೀದಾ ಅಡ್ಡಕ್ಕೆ ಓದ್ತಾ ಹೋದರೆ ಬಲ ತುದಿಯಲ್ಲಿ ಎರಡು ಸಾಲು ತಪ್ಪಿರುತ್ತೆ. "ಖಾಲಿ ಗಾಡಿ" ಅನ್ನೋ ಹೆಸರಿನ ಮುಂದೆ ನಿವ್ವಳ ತೂಕ ಬಂದು ಕೂರಬಹುದು. ಅಕ್ಷರ ಒಂದೂ ತಪ್ಪಿಲ್ಲ, ಲೆಕ್ಕ ಮಾತ್ರ ಪೂರ್ತಿ ತಪ್ಪು. ಕಣ್ಣಿಗೆ ಬೇಗ ಕಾಣದ ತಪ್ಪು ಇದೇ.

ನಾಲ್ಕು ಮೂಲೆ, ಎಂಟು ಅಂಕಿ

ಸಮತಟ್ಟಾದ ಕಾಗದಕ್ಕೂ ಅದರ ಫೋಟೋಗೂ ಇರೋ ಸಂಬಂಧಕ್ಕೆ ಹೋಮೋಗ್ರಫಿ ಅಂತಾರೆ:

```
x' = (a·x + b·y + c) / (g·x + h·y + 1)
y' = (d·x + e·y + f) / (g·x + h·y + 1)
```

ಗೊತ್ತಿಲ್ಲದ್ದು ಎಂಟು. ಒಂದು ಮೂಲೆ ಎರಡು ಸಮೀಕರಣ ಕೊಡುತ್ತೆ, ನಾಲ್ಕು ಮೂಲೆಗೆ ಎಂಟು. ಇಲ್ಲಿ ನಿಜವಾದ ಕೆಲಸ ಛೇದದ್ದು. ದೂರದ ವಸ್ತು ಚಿಕ್ಕದಾಗಿ ಕಾಣೋದನ್ನು `g` ಮತ್ತು `h` ಹಿಡಿದಿಡ್ತಾವೆ. ಎರಡೂ ಸೊನ್ನೆಯಾದರೆ ಉಳಿಯೋದು ತಿರುಗಿಸೋದು, ಎಳೆಯೋದು, ಸರಿಸೋದು ಅಷ್ಟೇ.

ಛೇದ ಎಷ್ಟು ಮುಖ್ಯ ಅಂತ ನೋಡಬೇಕಾದರೆ ಫೋಟೋದಲ್ಲಿ ಎರಡೂ ಕರ್ಣ ಎಳೆಯಿರಿ. ಆಯತದ ಕರ್ಣಗಳು ನಟ್ಟನಡುವೆ ಸೇರ್ತಾವೆ, ಹಾಗಾಗಿ ಫೋಟೋದಲ್ಲಿ ಅವು ಸೇರೋ ಜಾಗವೇ ಕಾಗದದ ನಡುಬಿಂದು. ನಮ್ಮ ಉದಾಹರಣೆಯಲ್ಲಿ ಅದು (1429, 1613). ನಾಲ್ಕು ಮೂಲೆಗಳ `y` ಸರಾಸರಿ ತೆಗೆದರೆ 1990 ಬರುತ್ತೆ. ಸುಮಾರು 377 ಪಿಕ್ಸೆಲ್ ವ್ಯತ್ಯಾಸ! ಪ್ರತಿ ಸಾಲನ್ನೂ ಅಡ್ಡಕ್ಕೆ ಎಳೆದು ಒಂದೇ ಅಗಲ ಮಾಡಿದರೆ ಸಾಕು ಅಂದ್ಕೊಂಡವರಿಗೆ ಉತ್ತರ ಇಲ್ಲಿದೆ. ಹಾಗೆ ಮಾಡಿದರೆ ಮೇಲಿನ ಅಕ್ಷರ ಅಪ್ಪಚ್ಚಿಯಾಗೇ ಉಳಿಯುತ್ತೆ, ಕೆಳಗಿನದು ಉದ್ದ ಆಗುತ್ತೆ.

ಅಳತೆ ಎಲ್ಲಿಂದ ತರಬೇಕು?

ನೆಟ್ಟಗಾದ ಚಿತ್ರದ ಅಗಲ, ಎತ್ತರ ನಾವೇ ಕೊಡಬೇಕು. ಉದ್ದನೆಯ ಅಂಚುಗಳನ್ನೇ ಅಳತೆಯಾಗಿ ತಗೊಳ್ಳೋದು ಸಾಮಾನ್ಯ ರೂಢಿ. ಇಲ್ಲಿ ಕೆಳಂಚು 2546, ಬಲ ಅಂಚು 3003 ಪಿಕ್ಸೆಲ್, ಅನುಪಾತ 0.85. ಆದರೆ ಚೀಟಿಯ ನಿಜವಾದ ಅನುಪಾತ 15/20, ಅಂದರೆ 0.75. ಅಕ್ಷರಗಳೆಲ್ಲ ಶೇ. 13ರಷ್ಟು ಅಗಲವಾಗಿಬಿಡ್ತಾವೆ. ಒಂದೇ ನಮೂನೆಯ ಚೀಟಿ ಎಷ್ಟಿದ್ದರೂ ಒಂದನ್ನು ಸ್ಕೇಲಿನಿಂದ ಅಳೆದರೆ ಸಾಕು. ಟೆಸರಾಕ್ಟ್‌ಗೆ ಕನಿಷ್ಠ 300 ಡಿಪಿಐ ಇದ್ದರೆ ಒಳ್ಳೇದು. ಆ ಲೆಕ್ಕದಲ್ಲಿ 15 ಸೆಂ.ಮೀ. ಅಂದರೆ 1772 ಪಿಕ್ಸೆಲ್, 20 ಸೆಂ.ಮೀ. ಅಂದರೆ 2362.

```python
import cv2, numpy as np
img = cv2.imread("slip.jpg")
W, H = 1772, 2362
src = np.float32([[720,640],[2180,540],[2790,3480],[250,3300]])
dst = np.float32([[0,0],[W-1,0],[W-1,H-1],[0,H-1]])
M = cv2.getPerspectiveTransform(src, dst)
out = cv2.warpPerspective(img, M, (W, H), flags=cv2.INTER_CUBIC)
cv2.imwrite("flat.png", out)
```

```
tesseract flat.png result -l kan+eng --psm 6 --dpi 300
```

`src`, `dst` ಎರಡರಲ್ಲೂ ಮೂಲೆಗಳ ಕ್ರಮ ಒಂದೇ ಇರಬೇಕು. ಎರಡು ಮೂಲೆ ಅದಲುಬದಲಾದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತೆ, ಇಲ್ಲಾ ತಿರುಚಿಕೊಳ್ಳುತ್ತೆ. ಕಪ್ಪು-ಬಿಳುಪು ಮಾಡೋ ಕೆಲಸ ಇದಾದ ಮೇಲೆ ಇರಲಿ. ಮೊದಲೇ ಮಾಡಿದರೆ ನೆಟ್ಟಗೆ ಮಾಡುವಾಗ ಅಕ್ಷರದ ಅಂಚು ಗರಗಸದ ಹಲ್ಲಿನಂತಾಗುತ್ತೆ. ಮಹಾರಾಷ್ಟ್ರದ ಕಾರ್ಖಾನೆಗೆ ಹೋದ ಕಬ್ಬಿನ ಚೀಟಿ ಮರಾಠಿಯಲ್ಲಿದ್ದರೆ `kan` ಬದಲು `mar` ಹಾಕಿ.

ಚೀಟಿಯ ಅಂಚು ಹರಿದಿದ್ದರೆ, ಮೂಲೆ ಹೆಬ್ಬೆರಳಿನ ಕೆಳಗೆ ಮುಚ್ಚಿದ್ದರೆ, ಕಾಗದದ ಮೂಲೆ ಬಿಟ್ಟು ಒಳಗೆ ಅಚ್ಚಾಗಿರೋ ಚೌಕಟ್ಟಿನ ಮೂಲೆ ತಗೊಳ್ಳಿ. ಅದೇ ಹೆಚ್ಚು ನಂಬಿಕೆಯದ್ದು. ಆಗ ಅಳತೆಯೂ ಚೌಕಟ್ಟಿನದ್ದೇ ಇರಬೇಕು.

ಇದರಿಂದ ಆಗದ್ದು

ಮೊದಲನೇದು, ಫೋಟೋದಲ್ಲಿ ಇಲ್ಲದ ವಿವರ ಹುಟ್ಟೋದಿಲ್ಲ. ಕೆಳಂಚಿನಲ್ಲಿ ನಮಗೆ 430 ಡಿಪಿಐ ಸಿಕ್ಕಿದೆ, ಮೇಲಂಚಿನಲ್ಲಿ ಅಡ್ಡಕ್ಕೆ 248, ಉದ್ದಕ್ಕೆ ಸುಮಾರು 210 ಮಾತ್ರ. ಔಟ್‌ಪುಟ್ 300 ಅಂದರೂ ಮೇಲಿನ ಭಾಗ ಬರೀ ಹಿಗ್ಗಿಸಿದ್ದು. ಕನ್ನಡದಲ್ಲಿ ಪೆಟ್ಟು ಮೊದಲು ಬೀಳೋದು ಒತ್ತಕ್ಷರಕ್ಕೆ, ಯಾಕಂದರೆ ಅದು ಚಿಕ್ಕದು, ಸಾಲಿನ ಕೆಳಗೆ ಇರೋದು. ನೆಟ್ಟಗಾದ ಚಿತ್ರದಲ್ಲಿ ಮೇಲಿನ ಸಾಲುಗಳು ಮಸುಕು, ಕೆಳಗಿನವು ಚೂಪು ಕಂಡರೆ ಕಾರಣ ಇದೇ. ಅದಕ್ಕೆ ಕೋಡ್‌ನಲ್ಲಿ ಮದ್ದಿಲ್ಲ, ನೇರ ಮೇಲಿಂದ ಮತ್ತೊಂದು ಫೋಟೋ ತೆಗೀಬೇಕು.

ಎರಡನೇದು, ಈ ಗಣಿತ ಸಮತಟ್ಟಾದ ಕಾಗದಕ್ಕೆ ಮಾತ್ರ. ಸುರುಳಿಯಾದ ಚೀಟಿ, ಜೇಬಿನಲ್ಲಿ ಮಡಚಿದ ಚೀಟಿ ಸಮತಟ್ಟಲ್ಲ. ಗೊತ್ತಾಗೋದು ಸುಲಭ: ನಾಲ್ಕು ಮೂಲೆ ಸರಿಯಾಗಿ ಕೂತಿದ್ದರೂ ಅಚ್ಚಾದ ಗೆರೆಗಳು ನಡುವೆ ಬಿಲ್ಲಿನಂತೆ ಬಾಗಿದ್ದರೆ ಕಾಗದವೇ ಬಾಗಿದೆ. ಒಂದೇ ಮಡಿಕೆ ಇದ್ದರೆ ಮಡಿಕೆಯ ಆಚೆ, ಈಚೆ ಬೇರೆ ಬೇರೆ ನಾಲ್ಕು ಬಿಂದು ಹಿಡಿದು ಎರಡು ತುಂಡಾಗಿ ಸರಿಮಾಡಬಹುದು.

ಕೊನೇ ಪರೀಕ್ಷೆ

ಕಾಟಾ ಚೀಟಿಯ ತಾಳೆ ಅದರೊಳಗೇ ಇದೆ. ತುಂಬಿದ್ದು 24.860 ಟನ್, ಖಾಲಿ 7.420 ಟನ್, ಹಾಗಾದರೆ ನಿವ್ವಳ 17.440 ಟನ್ ಬರಲೇಬೇಕು. ಓಸಿಆರ್ ಕೊಟ್ಟ ಮೂರು ಅಂಕಿ ಕಳೆದು ನೋಡಿ. 6 ಹೋಗಿ 8 ಆಗಿದ್ದರೂ, ಖಾಲಿ ಗಾಡಿಯ ಮುಂದೆ ತುಂಬಿದ ಗಾಡಿಯ ತೂಕ ಬಂದಿದ್ದರೂ ಕಳೆಯೋ ಲೆಕ್ಕ ತಾಳೆಯಾಗಲ್ಲ. ಒಂದು ಮಾತ್ರ ಇದಕ್ಕೆ ಸಿಗಲ್ಲ: ಖಾಲಿ ಮತ್ತು ನಿವ್ವಳ ತೂಕ ಪರಸ್ಪರ ಅದಲುಬದಲಾದರೆ ಲೆಕ್ಕ ಆಗಲೂ ಸರಿಯಾಗೇ ಕಾಣುತ್ತೆ. ಅದೇ ಗಾಡಿಯ ಬೇರೆ ಚೀಟಿಗಳಲ್ಲಿ ಖಾಲಿ ತೂಕ ಎಷ್ಟಿದೆ ಅಂತ ನೋಡಿದರೆ ಅದೂ ಬಯಲಾಗುತ್ತೆ. ತಾಳೆಯಾಗದ ಚೀಟಿಗಳನ್ನು ಬೇರೆ ಎತ್ತಿಟ್ಟು ಕಣ್ಣಿಂದ ಓದಿ. ಮೂಲ ಫೋಟೋ ಮಾತ್ರ ಅಳಿಸಬೇಡಿ. ತೂಕದ ತಕರಾರು ಬಂದ ದಿನ ತೋರಿಸಬೇಕಾದ್ದು ನಾವು ನೆಟ್ಟಗೆ ಮಾಡಿದ ಚಿತ್ರ ಅಲ್ಲ, ಅದು.