ಫೋಟೊ ಇಲ್ಲದ ತ್ರಿಕೋನಾಸನ

ಮನೆಯಲ್ಲೇ ಯೋಗಾಭ್ಯಾಸ ಮಾಡುವವರು ಬೇರೆ ಊರಿನಲ್ಲಿರುವ ಶಿಕ್ಷಕರಿಗೆ ಫೋಟೊ ಕಳಿಸಿ, ‘ಸರಿಯಿದೆಯಾ ನೋಡಿ’ ಎಂದು ಕೇಳುವುದು ಈಗ ಮಾಮೂಲು. ಫೋನು ಕೆಟ್ಟೋ, ಜಾಗ ಸಾಲದೆಂದು ಮನೆಯವರು ಯಾರೋ ಅಳಿಸಿಯೋ ಆ ಫೋಟೊ ಹೋಯಿತು ಎನ್ನಿ. ಇನ್ನೊಂದು ತೆಗೆದುಕೊಡಲು ಆ ಹೊತ್ತಿಗೆ ಯಾರೂ ಇಲ್ಲ. ಬರೆದೇ ತಿಳಿಸಬೇಕು. ಆಗ ಹೆಚ್ಚಿನವರು ಬರೆಯುವುದು ಇಷ್ಟು: ‘ಮೇಡಂ, ತ್ರಿಕೋನಾಸನ ಮಾಡಿದೆ. ಕೈ ಪೂರ್ತಿ ನೆಲ ಮುಟ್ಟಿತು. ಆದರೆ ಬಲ ಮಂಡಿಯ ಹಿಂದೆ ಹಿಡಿದ ಹಾಗಾಗುತ್ತೆ, ಕುತ್ತಿಗೆನೂ ನೋಯುತ್ತೆ. ಎಲ್ಲಿ ತಪ್ಪಾಗ್ತಿದೆ?’

ಇದನ್ನು ಓದಿದ ಶಿಕ್ಷಕಿಗೆ ಏನೂ ಕಾಣುವುದಿಲ್ಲ. ಮಂಡಿ ಮಡಿಸಿದರೂ ಕೈ ನೆಲ ಮುಟ್ಟುತ್ತದೆ. ಎದೆಯನ್ನು ನೆಲದ ಕಡೆಗೆ ತಿರುಗಿಸಿದರೂ ಮುಟ್ಟುತ್ತದೆ. ಎರಡೂ ಇಲ್ಲದೆ, ಎದೆ ಎದುರಿನ ಗೋಡೆಯನ್ನೇ ನೋಡುತ್ತಿರುವಾಗಲೂ ಕೆಲವರಿಗೆ ಮುಟ್ಟುತ್ತದೆ. ಈ ಮೂರೂ ಬೇರೆ ಬೇರೆ ಭಂಗಿಗಳು. ಒಂದೊಂದಕ್ಕೂ ಕೊಡಬೇಕಾದ ಸಲಹೆ ಬೇರೆ.

ಫೋಟೊ ಕಳೆದುಕೊಂಡವರು ಮೊದಲು ಮಾಡುವ ಕೆಲಸ, ಆ ಫೋಟೊದಲ್ಲಿ ತಾವು ಹೇಗಿದ್ದೆವೆಂದು ನೆನಪಿಸಿಕೊಂಡು ಬರೆಯುವುದು. ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ನೆನಪಿನಲ್ಲಿ ಉಳಿದಿರುವುದು ಕ್ಯಾಮೆರಾ ನಿಂತ ಕಡೆಯಿಂದ ಕಂಡ ನೋಟ. ಸೆಲ್ಫಿಯಾಗಿದ್ದರೆ ಎಡಬಲ ಅದಲುಬದಲಾಗಿರಲೂಬಹುದು. ಮರೆತ ಭಾಗವನ್ನು ಮನಸ್ಸು ಪುಸ್ತಕದಲ್ಲಿ ನೋಡಿದ ಚಿತ್ರದಿಂದ ತುಂಬಿಕೊಳ್ಳುತ್ತದೆ, ನಮಗದು ಗೊತ್ತೂ ಆಗುವುದಿಲ್ಲ. ಅದರ ಬದಲು ಆಸನವನ್ನು ಮತ್ತೆ ಮಾಡಬೇಕು. ಒಂದು ಸಲ ಒಳಹೋದಾಗ ಪಾದಗಳನ್ನಷ್ಟೇ ಗಮನಿಸಿ, ಹೊರಬಂದು, ಬರೆದಿಟ್ಟು, ಮುಂದಿನ ಸಲ ಮಂಡಿಯನ್ನು ಗಮನಿಸಬೇಕು. ತ್ರಿಕೋನಾಸನದಲ್ಲಿ ನಿಲ್ಲುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಅಷ್ಟರಲ್ಲಿ ಇಡೀ ಮೈಯನ್ನು ಗಮನಿಸಲು ಹೋದರೆ ಯಾವುದೂ ಸರಿಯಾಗಿ ಕೈಗೆ ಸಿಗುವುದಿಲ್ಲ.

ಬರೆಯುವಾಗ ನೆಲದಿಂದ ಶುರುಮಾಡಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ‘ಲೈಟ್ ಆನ್ ಯೋಗ’ 1966ರಲ್ಲಿ ಬಂತು. ಅದರ ತುಂಬ ಫೋಟೊಗಳಿವೆ, ಸುಮಾರು ಆರುನೂರು. ಆದರೆ ಫೋಟೊಗಳನ್ನು ಮುಚ್ಚಿಟ್ಟು ತ್ರಿಕೋನಾಸನದ ಬರಹವನ್ನಷ್ಟೇ ಓದಿದರೂ ಆಸನ ಕಟ್ಟಿಕೊಳ್ಳಬಹುದು. ಪಾದಗಳ ನಡುವೆ ಎಷ್ಟು ಅಂತರ, ಯಾವ ಪಾದ ಎಷ್ಟು ತಿರುಗಿರಬೇಕು, ಕೈ ಎಲ್ಲಿಗೆ ಬರಬೇಕು, ಮಂಡಿಚಿಪ್ಪು ಯಾವ ಕಡೆ ನೋಡಬೇಕು, ಕಣ್ಣು ಎಲ್ಲಿರಬೇಕು ಎಂದು ಅದು ಹೇಳುತ್ತಾ ಹೋಗುತ್ತದೆ. ಶುರುವಾಗುವುದು ಪಾದದಿಂದಲೇ. ಅದಕ್ಕೆ ಕಾರಣವಿದೆ. ನಿಂತು ಮಾಡುವ ಆಸನದಲ್ಲಿ ಪಾದ ಒಂದಿಂಚು ಆಚೀಚೆ ಆದರೆ ಮಂಡಿ, ಸೊಂಟ, ಭುಜ ಎಲ್ಲವೂ ಅದಕ್ಕೆ ತಕ್ಕಂತೆ ಸರಿಯುತ್ತವೆ. ಮೇಲಿನದನ್ನು ಮೊದಲು ಬರೆದರೆ ಶಿಕ್ಷಕರು ಕಾರಣವನ್ನು ಊಹಿಸಬೇಕಾಗುತ್ತದೆ.

ಯಾವ ಪದ್ಧತಿಯ ತ್ರಿಕೋನಾಸನ ಎಂಬುದನ್ನೂ ಮೊದಲ ಸಾಲಿನಲ್ಲೇ ಹೇಳಿಬಿಡಬೇಕು. ಮೈಸೂರಿನ ಪಟ್ಟಾಭಿ ಜೋಯಿಸರ ಅಷ್ಟಾಂಗ ಕ್ರಮದಲ್ಲಿ ಕೆಳಗಿನ ಕೈ ಕಾಲಿನ ಹೆಬ್ಬೆರಳನ್ನು ಹಿಡಿಯುತ್ತದೆ. ಅಯ್ಯಂಗಾರ್ ಕ್ರಮದಲ್ಲಿ ಅಂಗೈ ಕಾಲಿನ ಗಿಣ್ಣಿನ ಹತ್ತಿರ ಬರುತ್ತದೆ, ಸಾಧ್ಯವಾದರೆ ನೆಲಕ್ಕೆ. ಹೊಸಬರಿಗೆ ಇಟ್ಟಿಗೆ ಕೊಡುತ್ತಾರೆ. ಒಬ್ಬರ ಸರಿ ಇನ್ನೊಬ್ಬರಿಗೆ ತಪ್ಪಾಗಿ ಕಾಣುವುದು ಇಂಥ ಕಡೆ.

ಅಳತೆಗೆ ಟೇಪ್ ಬೇಕಾಗಿಲ್ಲ. ಎರಡಡಿ ಚದರದ ಟೈಲ್ಸ್ ಹಾಕಿದ ಮನೆಯಾದರೆ ಅಳತೆಪಟ್ಟಿ ಕಾಲ ಕೆಳಗೇ ಇದೆ. ಮೂರರಿಂದ ಮೂರೂವರೆ ಅಡಿ ಎಂದು ಅಯ್ಯಂಗಾರ್ ಹೇಳುವ ಅಂತರ ಒಂದೂವರೆ ಟೈಲ್, ಇಲ್ಲವೇ ಅದಕ್ಕಿಂತ ಒಂದು ಅಂಗೈ ಜಾಸ್ತಿ. ಜೊತೆಗೆ ನಿಮ್ಮ ಎತ್ತರವನ್ನೂ ಬರೆಯಬೇಕು, ಏಕೆಂದರೆ ಐದಡಿಯವರಿಗೂ ಆರಡಿಯವರಿಗೂ ಮೂರಡಿ ಒಂದೇ ಅಲ್ಲ. ಟೈಲಿನ ಗೆರೆ ಇನ್ನೊಂದು ಕೆಲಸಕ್ಕೂ ಬರುತ್ತದೆ. ಬಲ ಹಿಮ್ಮಡಿಯಿಂದ ಹಿಂದಕ್ಕೆ ಗೆರೆ ಎಳೆದರೆ ಅದು ಎಡಪಾದದ ನಡುವೆ ಹಾದುಹೋಗುತ್ತದೋ, ಹಿಮ್ಮಡಿಯನ್ನೇ ಮುಟ್ಟುತ್ತದೋ ಎಂದು ನೋಡಿ ಹೇಳಬಹುದು. ಎಡ, ಬಲ ಎಂದರೆ ಯಾವಾಗಲೂ ನಿಮ್ಮ ಎಡ, ನಿಮ್ಮ ಬಲ. ‘ಮುಂದಿನ ಕಾಲು’ ಎಂಬ ಮಾತನ್ನು ಈ ಆಸನದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಅರ್ಥಮಾಡಿಕೊಳ್ಳುತ್ತಾರೆ. ಬಾಗುವ ಕಡೆಯ ಕಾಲು ಎಂದರೆ ಗೊಂದಲವಿಲ್ಲ.

ಇನ್ನು ನಿಜವಾದ ತೊಡಕಿಗೆ ಬರೋಣ. ಮೈ ನಮಗೆ ಹೇಳುವುದೆಲ್ಲ ನಿಜವಲ್ಲ. ನಾವು ನಮ್ಮದೇ ಬೆನ್ನನ್ನು ನೋಡಲಾರೆವು. ಕೈಕಾಲು ಎಲ್ಲಿದೆ ಎಂಬುದನ್ನು ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವಿನ ಮೇಲೆ ಊಹಿಸುತ್ತೇವೆ. ವರ್ಷಗಟ್ಟಲೆ ಒಂದು ಭುಜ ಮುಂದೆ ಬಾಗಿಸಿ ಕೂತವರಿಗೆ ಆ ಬಾಗೇ ನೇರ ಅನ್ನಿಸುತ್ತದೆ. ಹಾಗಾಗಿ ‘ಬೆನ್ನು ನೇರವಾಗಿತ್ತು’ ಎಂಬ ವಾಕ್ಯದಿಂದ ಶಿಕ್ಷಕರಿಗೆ ಉಪಯೋಗವಿಲ್ಲ. ಅದು ತೀರ್ಪು, ವರ್ಣನೆಯಲ್ಲ. ಯಾವುದು ಯಾವುದಕ್ಕೆ ತಾಗಿತ್ತು, ಎಷ್ಟು ದೂರವಿತ್ತು ಎಂದು ಹೇಳಿದರೆ ಅದು ವರ್ಣನೆ. ಇದಕ್ಕೆ ಗೋಡೆಯಂಥ ಸಹಾಯ ಬೇರೊಂದಿಲ್ಲ. ಬೆನ್ನು ಗೋಡೆಗೆ ಮಾಡಿ, ಗೋಡೆಯ ಪಕ್ಕದಲ್ಲೇ ತ್ರಿಕೋನಾಸನ ಮಾಡಿದರೆ ಪೃಷ್ಠದ ಯಾವ ಭಾಗ ತಾಗಿತು, ಎಡ ಭುಜ ತಾಗಿತೋ ಇಲ್ಲವೋ, ತಲೆಯ ಹಿಂಭಾಗ ಎಲ್ಲಿತ್ತು ಎಂಬುದನ್ನು ಊಹೆಯಿಲ್ಲದೆ ಬರೆಯಬಹುದು. ಅನ್ನಿಸಿದ್ದನ್ನೂ ಬರೆಯಬೇಕು, ಆದರೆ ಬೇರೆಯಾಗಿ. ಕಂಡದ್ದು, ಮುಟ್ಟಿ ನೋಡಿದ್ದು ಒಂದು ಕಡೆ. ಅನ್ನಿಸಿದ್ದು ಇನ್ನೊಂದು ಕಡೆ.

ಈ ಕ್ರಮದಲ್ಲಿ ಆ ಮೊದಲಿನ ಸಂದೇಶವನ್ನೇ ಮತ್ತೆ ಬರೆದರೆ ಹೇಗಿರುತ್ತದೆ? ಒಂದು ಮಾದರಿ ಕಟ್ಟೋಣ.

‘ಮೇಡಂ, ನೀವು ಕಲಿಸಿದ ಅಯ್ಯಂಗಾರ್ ಕ್ರಮದ ತ್ರಿಕೋನಾಸನ, ಬಲಕ್ಕೆ. ನನ್ನ ಎತ್ತರ ಐದಡಿ ಮೂರಿಂಚು, ಪಾದಗಳ ನಡುವೆ ಮೂರಡಿ. ಬಲಪಾದ ಪೂರ್ತಿ ಹೊರಗೆ ತಿರುಗಿದೆ, ಎಡಪಾದ ಸ್ವಲ್ಪ ಒಳಗೆ. ಬಲಪಾದದಲ್ಲಿ ಭಾರವೆಲ್ಲ ಹಿಮ್ಮಡಿ ಮೇಲಿದೆ, ಬೆರಳುಗಳನ್ನು ಸಲೀಸಾಗಿ ಎತ್ತಬಹುದು. ಬಗ್ಗಿ ನೋಡಿದರೆ ಬಲ ಮಂಡಿಚಿಪ್ಪು ಪಾದದ ನಡುಬೆರಳಿನ ಕಡೆಗಿಲ್ಲ, ಹೆಬ್ಬೆರಳಿಗಿಂತಲೂ ಒಳಗೆ ನೋಡುತ್ತಿದೆ. ಅಂಗೈ ಬಲಪಾದದ ಆಚೆ ನೆಲದ ಮೇಲೆ. ಗೋಡೆಗೆ ಬಲ ಪೃಷ್ಠ ಒತ್ತಿದೆ, ಎಡ ಭುಜ ಗೋಡೆಯಿಂದ ಒಂದು ಗೇಣು ದೂರ. ಕಣ್ಣು ಎಡಗೈ ಹೆಬ್ಬೆರಳ ಮೇಲೆ. ಮೂರನೇ ಉಸಿರಿಗೆ ಉಸಿರು ಕಟ್ಟಿತು. ಅನ್ನಿಸಿದ್ದು: ಬಲ ಮಂಡಿಯ ಹಿಂದೆ, ಮಡಿಕೆಯಲ್ಲೇ, ಒಂದು ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವು. ತೊಡೆಯ ಹಿಂಭಾಗದಲ್ಲಿ ಎಳೆತ ಅಷ್ಟಿಲ್ಲ. ಕುತ್ತಿಗೆಯ ಎಡಗಡೆ ಬಿಗಿತ.’

ಇದರಲ್ಲಿ ಒಂದು ಮಾತೂ ಹೆಚ್ಚಿಲ್ಲ. ಫೋಟೊ ಹೇಳದ ಎರಡು ಸಂಗತಿಗಳೂ ಇವೆ: ಹಿಮ್ಮಡಿಯ ಮೇಲಿನ ಭಾರ, ಕಟ್ಟಿದ ಉಸಿರು. ಓದುತ್ತಿದ್ದಂತೆ ಶಿಕ್ಷಕಿಯ ಲೆಕ್ಕ ಹೀಗೆ ಹೋಗುತ್ತದೆ. ಅಂಗೈ ನೆಲ ಮುಟ್ಟಿದೆ, ಆದರೆ ಎಡ ಭುಜ ಒಂದು ಗೇಣು ಮುಂದಕ್ಕೆ ಬಿದ್ದಿದೆ, ಮಂಡಿಚಿಪ್ಪು ಒಳಕ್ಕೆ ತಿರುಗಿದೆ. ಅಂದರೆ ಮೈ ಪಕ್ಕಕ್ಕೆ ಚಾಚಿಲ್ಲ, ಮುಂದಕ್ಕೆ ಬಗ್ಗಿದೆ; ಕೈಯನ್ನು ನೆಲಕ್ಕೆ ಮುಟ್ಟಿಸಲು ಎದೆಯನ್ನು ನೆಲದ ಕಡೆ ತಿರುಗಿಸಿದ್ದಾರೆ. ಕುತ್ತಿಗೆ ನೋವು ಇದರ ಫಲವೇ. ಎದೆ ಎದುರಿಗೆ ತಿರುಗಿದ್ದಾಗ ಮೇಲೆ ನೋಡಲು ಕುತ್ತಿಗೆ ಇಷ್ಟೇ ಹೊರಳಿದರೆ ಸಾಕು. ಎದೆ ನೆಲ ನೋಡುತ್ತಿದ್ದರೆ ಉಳಿದ ತಿರುವನ್ನೆಲ್ಲ ಕುತ್ತಿಗೆಯೊಂದೇ ಹೊರಬೇಕು. ಮಂಡಿಯದು ಬೇರೆ ಕಥೆ. ಭಾರ ಹಿಮ್ಮಡಿಗೆ ಬಿದ್ದು, ತೊಡೆಯ ಸ್ನಾಯು ಸಡಿಲವಿದ್ದರೆ ಮಂಡಿ ಹಿಂದಕ್ಕೆ ತಳ್ಳಿ ಕೂರುತ್ತದೆ, ಮೈಭಾರ ಕೀಲಿನ ಹಿಂಭಾಗಕ್ಕೆ ಬೀಳುತ್ತದೆ. ತೊಡೆಯ ಹಿಂಭಾಗದ ನಡುವೆ ಅಂಗೈ ಅಗಲದ ಎಳೆತವಾಗಿದ್ದರೆ ಶಿಕ್ಷಕಿ ಚಿಂತೆ ಮಾಡುತ್ತಿರಲಿಲ್ಲ. ಮಡಿಕೆಯಲ್ಲಿ ಬೆರಳಷ್ಟು ಜಾಗದ ನೋವು ಎಂದಾಗ ಕಿವಿ ನೆಟ್ಟಗಾಗುತ್ತದೆ.

ಅವರ ಉತ್ತರ ಚಿಕ್ಕದಾಗಿರುತ್ತದೆ. ‘ನೆಲ ಬಿಡಿ, ಬಲಪಾದದ ಆಚೆ ಇಟ್ಟಿಗೆ ನಿಲ್ಲಿಸಿ ಅದರ ಮೇಲೆ ಕೈ ಇಡಿ. ಬಾಗುವ ಮೊದಲು ಬಲ ಮಂಡಿಯನ್ನು ಒಂದಿಷ್ಟು ಮಡಿಸಿ, ಹೆಬ್ಬೆರಳಿನ ಬುಡವನ್ನು ನೆಲಕ್ಕೆ ಒತ್ತಿ, ಆಮೇಲೆ ಮಂಡಿಚಿಪ್ಪನ್ನು ಮೇಲಕ್ಕೆ ಎಳೆದು ಕಾಲು ನೆಟ್ಟಗೆ ಮಾಡಿ. ಸದ್ಯಕ್ಕೆ ಮೇಲೆ ನೋಡಬೇಡಿ, ಎದುರಿಗೇ ನೋಡಿ. ಬೇರೇನನ್ನೂ ಬದಲಿಸಬೇಡಿ.’ ಕೊನೆಯ ವಾಕ್ಯ ಸುಮ್ಮನೆ ಸೇರಿಸಿದ್ದಲ್ಲ. ಪಾದದ ಅಂತರವನ್ನೂ ಅದೇ ದಿನ ಬದಲಿಸಿದರೆ, ಮಂಡಿ ನೋವು ಯಾವುದರಿಂದ ಹೋಯಿತೆಂದು ಇಬ್ಬರಿಗೂ ತಿಳಿಯದು. ಮುಂದಿನ ಸಂದೇಶದಲ್ಲಿ ಎಡ ಭುಜದ ಅಂತರ ಒಂದು ಗೇಣಿನಿಂದ ನಾಲ್ಕು ಬೆರಳಿಗೆ ಇಳಿದಿದ್ದರೆ, ಬಲಪಾದದ ಬೆರಳುಗಳನ್ನು ಎತ್ತಲು ಈಗ ಕಷ್ಟವಾಗುತ್ತಿದ್ದರೆ, ಸಲಹೆ ಕೆಲಸ ಮಾಡಿದೆ. ಭುಜ ಸರಿಯಾಗಿಯೂ ಮಂಡಿ ನೋವು ಹಾಗೇ ಇದ್ದರೆ ಊಹೆ ತಪ್ಪು, ಬೇರೆ ಕಾರಣ ಹುಡುಕಬೇಕು.

ಎಡ ಭುಜ ಗೋಡೆಗೆ ತಾಗಲೇಬೇಕೆಂದೇನೂ ಇಲ್ಲ. ಮೇಲಿನ ಕಡೆಯ ಸೊಂಟ ಕೊಂಚ ಮುಂದಕ್ಕೆ ಉರುಳಲಿ ಎನ್ನುವ ಶಿಕ್ಷಕರೂ ಇದ್ದಾರೆ, ಪೂರ್ತಿ ಹಿಂದಕ್ಕೇ ಇರಲಿ ಎನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಗೋಡೆಗೆ ಒತ್ತಿಕೊಳ್ಳಲು ಹೋಗಿ ಮಂಡಿಯನ್ನು ತಿರುಚುವುದಕ್ಕಿಂತ ನಾಲ್ಕು ಬೆರಳಿನ ಅಂತರ ಉಳಿಯುವುದೇ ಮೇಲು. ಗೋಡೆ ಇಲ್ಲಿ ಅಳತೆಗೋಲು ಮಾತ್ರ.

ಬರೆದು ಕೇಳಲಾಗದ ಸಂಗತಿಗಳೂ ಇವೆ. ನೋವು ಚುಚ್ಚಿದಂತಿದ್ದರೆ, ಸೊಂಟದಿಂದ ಕಾಲಿಗೆ ಹರಿದರೆ, ಜೋಮು ಹಿಡಿದರೆ, ಆಸನ ಬಿಟ್ಟ ಮೇಲೂ ಮಂಡಿ ಊದಿಕೊಂಡಿದ್ದರೆ ಅದು ಭಂಗಿ ತಿದ್ದುವ ವಿಷಯವಲ್ಲ, ವೈದ್ಯರಿಗೆ ತೋರಿಸಬೇಕು. ಬೆನ್ನುಮೂಳೆಯ ಓರೆ, ಎರಡು ಕಾಲುಗಳ ಉದ್ದದ ವ್ಯತ್ಯಾಸ ಇಂಥವನ್ನು ಬರಹದಿಂದ ಗುರುತಿಸುವುದು ಆಗದ ಮಾತು. ಫೋಟೊದಿಂದಲೂ ಕಷ್ಟವೇ, ಎದುರಿಗೆ ನಿಲ್ಲಿಸಿಕೊಂಡು ನೋಡಬೇಕು.

ಇನ್ನೊಂದು. ‘ಎಡಕ್ಕೂ ಹಾಗೇ’ ಎಂದು ಬರೆದು ಮುಗಿಸಬಾರದು. ಎರಡೂ ಕಡೆ ಒಂದೇ ರೀತಿ ಬಾಗುವವರು ಅಪರೂಪ. ಎಡಕ್ಕೆ ಬಾಗಿದಾಗ ಇಟ್ಟಿಗೆಯನ್ನು ಮಲಗಿಸಿದರೂ ಕೈ ಸಿಗುತ್ತದೆಯೋ, ನಿಲ್ಲಿಸಲೇಬೇಕೋ, ಬಲ ಭುಜ ಗೋಡೆಯಿಂದ ಎಷ್ಟು ಬೆರಳು ದೂರ, ಆ ಕಡೆ ಉಸಿರು ಎಷ್ಟನೆಯದಕ್ಕೆ ಕಟ್ಟಿತು ಎಂದು ಪಾದದಿಂದಲೇ ಶುರುಮಾಡಿ ಇನ್ನೊಮ್ಮೆ ಬರೆಯಬೇಕು.