ಇಬ್ಬರೇ ಇದ್ದರೂ ಬೆಲೆ ಇಳಿಯುವುದು ಯಾವಾಗ?

ಮಾರುವವರ ಸಂಖ್ಯೆ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಯಾವುದೇ ಕ್ಷೇತ್ರದಲ್ಲಿ ಎರಡೇ ಸಂಸ್ಥೆಗಳು ಉಳಿದಾಗ ಗ್ರಾಹಕನಿಗೆ ಇನ್ನು ಉಳಿಗಾಲವಿಲ್ಲವೆಂದು ಆತಂಕಪಡುತ್ತೇವೆ. ಹತ್ತು ಸಂಸ್ಥೆಗಳಿದ್ದರೆ ನಿಶ್ಚಿಂತರಾಗುತ್ತೇವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಪಾಠ ಈ ತಲೆಯೆಣಿಕೆಗೆ ಹೊಂದುವುದಿಲ್ಲ. ಮಾರುವವರು ಎಷ್ಟು ಮಂದಿ ಎಂಬುದಷ್ಟೇ ಅಲ್ಲ, ಅವರ ಸರಕುಗಳ ನಡುವೆ ಕೊಳ್ಳುವವನಿಗೆ ಎಷ್ಟು ವ್ಯತ್ಯಾಸ ಕಾಣುತ್ತದೆ ಎಂಬುದೂ ಬೆಲೆಯನ್ನು ನಿರ್ಧರಿಸುತ್ತದೆ.

ಈ ಚರ್ಚೆ ಆರಂಭವಾದದ್ದು ಫ್ರಾನ್ಸಿನಲ್ಲಿ. ಖನಿಜಯುಕ್ತ ನೀರಿನ ಎರಡು ಬುಗ್ಗೆಗಳ ಒಡೆಯರಿಬ್ಬರು ಒಂದೇ ಮಾರುಕಟ್ಟೆಗೆ ನೀರು ಪೂರೈಸಿದರೆ ಬೆಲೆ ಏನಾದೀತು ಎಂದು 1838ರಲ್ಲಿ ಕೂರ್ನೊ ಕೇಳಿದ್ದ. ಪ್ರತಿಯೊಬ್ಬನೂ ತಾನು ಮಾರುವ ಪ್ರಮಾಣವನ್ನು ನಿರ್ಧರಿಸುತ್ತಾನೆಂದು ಆತ ಭಾವಿಸಿದ್ದರಿಂದ, ಬೆಲೆಯು ಏಕಸ್ವಾಮ್ಯದ ಮಟ್ಟಕ್ಕಿಂತ ಕೆಳಗೆ, ವೆಚ್ಚಕ್ಕಿಂತ ಮೇಲೆ ನಿಂತಿತು. 1883ರಲ್ಲಿ ಆ ಗ್ರಂಥವನ್ನು ವಿಮರ್ಶಿಸಿದ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್ ಇದನ್ನು ಒಪ್ಪಲಿಲ್ಲ. ಮಾರುವವರು ಗೊತ್ತುಪಡಿಸುವುದು ಬೆಲೆಯನ್ನು. ಸರಕು ಒಂದೇ ಆಗಿರುವಾಗ ಕಡಿಮೆ ಬೆಲೆ ಹೇಳಿದವನಿಗೆ ಇಡೀ ಮಾರುಕಟ್ಟೆ ಒಲಿಯುತ್ತದೆ ಎಂಬುದು ಅವನ ವಾದ.

ಇದನ್ನು ನಮಗೆ ಪರಿಚಿತವಾದ ನೀರಿನ ಕ್ಯಾನಿನ ಲೆಕ್ಕದಲ್ಲಿ ನೋಡೋಣ. ಒಂದು ಬೀದಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ಅಂಗಡಿಗಳಿವೆ ಎನ್ನಿ. ಇಬ್ಬರದೂ ಒಂದೇ ಬಗೆಯ ನೀರು. ಹೆಚ್ಚುವರಿಯಾಗಿ ಒಂದು ಕ್ಯಾನ್ ಮಾರಲು ತಗಲುವ ವೆಚ್ಚ, ಅಂದರೆ ಸೀಮಾಂತ ವೆಚ್ಚ, 30 ರೂಪಾಯಿ. ಬೀದಿಯ 1,000 ಮನೆಗಳು ವಾರಕ್ಕೊಂದು ಕ್ಯಾನಿಗೆ 60 ರೂಪಾಯಿಯವರೆಗೂ ಕೊಡಲು ಸಿದ್ಧ. ಇಬ್ಬರೂ 60 ರೂಪಾಯಿಗೆ ಮಾರಿದರೆ ತಲಾ 500 ಮನೆಗಳು, ತಲಾ 15,000 ರೂಪಾಯಿ ಲಾಭ. ಒಬ್ಬ ಒಂದೇ ರೂಪಾಯಿ ಇಳಿಸಿದರೆ ಸಾವಿರ ಮನೆಗಳೂ ಅವನ ಪಾಲು, ಲಾಭ 29,000. ಇನ್ನೊಬ್ಬ ಸುಮ್ಮನಿರುತ್ತಾನೆಯೇ? 58ಕ್ಕೆ ಇಳಿಸುತ್ತಾನೆ. ಪ್ರತಿ ಹೆಜ್ಜೆಯಲ್ಲೂ ಅಲ್ಪ ಇಳಿಕೆಗೆ ಇಮ್ಮಡಿ ಗಿರಾಕಿ ದೊರೆಯುವುದರಿಂದ ಈ ಓಟ 30 ರೂಪಾಯಿಯ ಅಂಚಿಗೆ ಬಂದೇ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ನಷ್ಟ. ಮೂರನೆಯವನ ಅಗತ್ಯವೇ ಇಲ್ಲದೆ, ಇಬ್ಬರಿಂದಲೇ ಲಾಭ ಶೂನ್ಯವಾಯಿತು.

ಇದು ಕೇವಲ ಪುಸ್ತಕದ ಬದನೆಕಾಯಿ ಅಲ್ಲ. 1980ರ ದಶಕದಲ್ಲಿ ಅಮೆರಿಕದ ನೈನೆಕ್ಸ್ ದೂರವಾಣಿ ಸಂಸ್ಥೆಯು ತನ್ನ ಪ್ರದೇಶದ ಡೈರೆಕ್ಟರಿಯನ್ನು ಸಿ.ಡಿ.ಯಲ್ಲಿ ಅಳವಡಿಸಿ, ಒಂದೊಂದು ಪ್ರತಿಯನ್ನು ಸುಮಾರು 10,000 ಡಾಲರಿಗೆ ಮಾರುತ್ತಿತ್ತು. ಮುಂದೆ ಬೇರೆಯವರು ಮುದ್ರಿತ ಡೈರೆಕ್ಟರಿಗಳನ್ನೇ ಚೀನಾದಲ್ಲಿ ಕಡಿಮೆ ಕೂಲಿಗೆ ಟೈಪ್ ಮಾಡಿಸಿ ಪೈಪೋಟಿಗೆ ಇಳಿದರು. ಹೆಸರು ಮತ್ತು ದೂರವಾಣಿ ಸಂಖ್ಯೆಗಳ ಬರಿಯ ಪಟ್ಟಿಗೆ ಕೃತಿಸ್ವಾಮ್ಯವಿಲ್ಲವೆಂದು 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸಂಖ್ಯೆಗಳು ಯಾರ ಸಿ.ಡಿ.ಯಲ್ಲಿದ್ದರೂ ಅವೇ, ಇನ್ನೊಂದು ಪ್ರತಿ ತೆಗೆಯುವ ವೆಚ್ಚ ಅತ್ಯಲ್ಪ. ಬೆಲೆ ಮೊದಲು ನೂರಾರು ಡಾಲರಿಗೆ, ದಶಕ ಮುಗಿಯುವ ಹೊತ್ತಿಗೆ 20 ಡಾಲರಿಗೂ ಕೆಳಗೆ ಕುಸಿಯಿತು. ಬೆಲೆಯು ಸೀಮಾಂತ ವೆಚ್ಚಕ್ಕೆ ಇಳಿದಾಗ, ಮೊದಲೇ ಸುರಿದ ಬಂಡವಾಳ ಹಿಂದಿರುಗುವ ದಾರಿ ಉಳಿಯುವುದಿಲ್ಲ ಎಂಬುದನ್ನೂ ಈ ಪ್ರಕರಣ ತೋರಿಸುತ್ತದೆ.

ಹಾಗಾದರೆ ಎಲ್ಲೆಡೆ ಹೀಗೇಕೆ ಆಗುವುದಿಲ್ಲ? ಮೊದಲನೆಯ ಕಾರಣವನ್ನು 1897ರಲ್ಲಿ ಎಜ್‌ವರ್ತ್ ತೋರಿಸಿದ: ಸಾಮರ್ಥ್ಯದ ಮಿತಿ. ನಮ್ಮ ಅಂಗಡಿಗಳು ತಲಾ 600 ಕ್ಯಾನ್‌ಗಳನ್ನು ಮಾತ್ರ ತುಂಬಬಲ್ಲವಾದರೆ, ಒಬ್ಬ 30 ರೂಪಾಯಿಗೆ ಮಾರಿದರೂ 400 ಮನೆಗಳು ಇನ್ನೊಬ್ಬನ ಬಳಿಗೇ ಹೋಗಬೇಕು. ಅವನು ಅವರಿಂದ 60 ರೂಪಾಯಿ ಪಡೆದು 12,000 ರೂಪಾಯಿ ಗಳಿಸಬಲ್ಲ. ಎರಡನೆಯ ಕಾರಣ, ವಾರವಾರವೂ ಎದುರುಬದುರಾಗುವವರು ಇಂದಿನ ಇಳಿಕೆಗೆ ನಾಳೆ ತಕ್ಕ ಉತ್ತರ ಬರುತ್ತದೆಂದು ತಿಳಿದು ಮೌನವಾಗಿಯೇ ಹೊಂದಿಕೊಂಡುಬಿಡಬಹುದು. ಆದರೆ ಮೂರನೆಯ ಕಾರಣವೇ ಹೆಚ್ಚು ಆಳವಾದುದು: ಸರಕುಗಳು ಒಂದೇ ಆಗಿರುವುದಿಲ್ಲ.

1929ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಇದನ್ನು ಒಂದು ಬೀದಿಯ ರೂಪಕದಿಂದಲೇ ವಿವರಿಸಿದ. ಅದೇ ಅಂಗಡಿಗಳು, ಅದೇ ನೀರು, ಅದೇ 30 ರೂಪಾಯಿ ವೆಚ್ಚ. ಆದರೆ ಈಗ ಅವು ಒಂದು ಕಿಲೋಮೀಟರ್ ಉದ್ದದ ಬೀದಿಯ ಎರಡು ತುದಿಗಳಲ್ಲಿವೆ. ಸಾವಿರ ಮನೆಗಳು ಸಮವಾಗಿ ಹರಡಿಕೊಂಡಿವೆ. ಕ್ಯಾನನ್ನು ಇಡೀ ಬೀದಿಯ ಉದ್ದಕ್ಕೆ ಹೊತ್ತು ತರುವ ಶ್ರಮ 10 ರೂಪಾಯಿಗೆ ಸಮ. ಇಬ್ಬರೂ 40 ರೂಪಾಯಿಗೆ ಮಾರುತ್ತಿದ್ದಾರೆ. ತಲಾ 500 ಗಿರಾಕಿಗಳು, 5,000 ರೂಪಾಯಿ ಲಾಭ. ಒಬ್ಬ ಒಂದು ರೂಪಾಯಿ ಇಳಿಸಿದರೆ ಬೀದಿಯ ನಡುಭಾಗದ 50 ಮನೆಗಳಷ್ಟೇ ಅವನ ಕಡೆಗೆ ತಿರುಗುತ್ತವೆ. 550 ಗಿರಾಕಿಗಳಿಂದ ತಲಾ 9 ರೂಪಾಯಿ, ಒಟ್ಟು 4,950. ಏರಿಸಿದರೆ 450 ಗಿರಾಕಿಗಳಿಂದ ತಲಾ 11 ರೂಪಾಯಿ, ಅದೂ 4,950. ಎತ್ತ ಸರಿದರೂ ನಷ್ಟವಾದ್ದರಿಂದ ಬೆಲೆ 40ರಲ್ಲೇ ನೆಲೆಗೊಳ್ಳುತ್ತದೆ.

ವೆಚ್ಚದ ಮೇಲೆ ನಿಂತ ಆ 10 ರೂಪಾಯಿ ಎಲ್ಲಿಂದ ಬಂತು? ಬೀದಿಯ ಉದ್ದದಿಂದ. ಹೊತ್ತು ತರುವ ಶ್ರಮ 20 ರೂಪಾಯಿಗೆ ಸಮವಾಗಿದ್ದರೆ ಬೆಲೆ 50 ಆಗುತ್ತಿತ್ತು. ಶ್ರಮವೇ ಇಲ್ಲದಿದ್ದರೆ ಮರಳಿ 30. ಇಲ್ಲಿ ‘ದೂರ’ ಎಂದರೆ ನೆಲದ ದೂರವೇ ಆಗಬೇಕಿಲ್ಲ. ರುಚಿ, ರೂಢಿ, ಬ್ರಾಂಡ್‌ ಮೇಲಿನ ನಂಬಿಕೆ, ಬದಲಾಯಿಸುವ ತಾಪತ್ರಯ ಎಲ್ಲವೂ ಗ್ರಾಹಕನಿಗೆ ದೂರವೇ. ಅಗ್ಗವಾದ ಪಕ್ಕದ ಸರಕನ್ನು ಬಿಟ್ಟು ತನ್ನದನ್ನೇ ಹಿಡಿದುಕೊಳ್ಳಲು ಆತ ಎಷ್ಟು ತೆರಲು ಸಿದ್ಧನೋ, ಮಾರುವವನ ಲಾಭಾಂಶ ಅದನ್ನೇ ಅವಲಂಬಿಸುತ್ತದೆ.

ಒಂದು ಮಾರುಕಟ್ಟೆ ಯಾವ ಬಗೆಯದೆಂದು ಗುರುತಿಸಲು ಒಂದು ಲಕ್ಷಣವುಂಟು. ಒಬ್ಬನ ವೆಚ್ಚ ಮಾತ್ರ 3 ರೂಪಾಯಿ ಏರಿತೆನ್ನಿ. ಸರಕು ಒಂದೇ ಆಗಿದ್ದರೆ ಅವನು ಗಿರಾಕಿಗಳನ್ನೆಲ್ಲ ಕಳೆದುಕೊಳ್ಳುತ್ತಾನೆ. ಹೋಟೆಲಿಂಗನ ಬೀದಿಯಲ್ಲಿ ಹಾಗಲ್ಲ. ಅವನು ಬೆಲೆಯನ್ನು 42ಕ್ಕೆ ಏರಿಸುತ್ತಾನೆ, ವೆಚ್ಚ ಏರದ ಎದುರಾಳಿಯೂ 41ಕ್ಕೆ ಏರಿಸುತ್ತಾನೆ. ಒಬ್ಬರ ಹಿಂದೆ ಒಬ್ಬರು ಬೆಲೆ ಏರಿಸಿದ್ದನ್ನು ಕಂಡಕೂಡಲೇ ಒಳಒಪ್ಪಂದವೆಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಸರ್ಕಾರದ ಖರೀದಿಯಲ್ಲಿ ಈ ತತ್ತ್ವಕ್ಕೆ ನೇರ ಅನ್ವಯವಿದೆ. ಸರಕಿನ ವಿವರಣೆ ಎಲ್ಲರಿಗೂ ಒಂದೇ ಆಗಿದ್ದು, ಅತಿ ಕಡಿಮೆ ದರದವನಿಗೇ ಇಡೀ ಆದೇಶ ಎಂದಾಗ ಟೆಂಡರು ಬರ್ಟ್ರಾಂಡನ ಮಾರುಕಟ್ಟೆಯನ್ನು ಹೋಲುತ್ತದೆ. ಬಳಕೆಗೆ ಬೇಕಿಲ್ಲದ ಒಂದು ಷರತ್ತು, ಒಬ್ಬನ ಯಂತ್ರಕ್ಕಷ್ಟೇ ಹೊಂದುವ ಒಂದು ಅಳತೆ ವಿವರಣೆಯೊಳಗೆ ನುಸುಳಿದರೆ ಬೀದಿ ಉದ್ದವಾಯಿತೆಂದೇ ಅರ್ಥ. ಆದ್ದರಿಂದ ಸೇವೆಯಲ್ಲಿದ್ದಾಗ ನಾನು ದರಪಟ್ಟಿಗಿಂತ ಮೊದಲು ವಿವರಣೆಯ ಪುಟವನ್ನು ಓದುತ್ತಿದ್ದೆ.

ಬೀದಿಯನ್ನು ಮೊಟಕುಗೊಳಿಸುವುದೂ ಸಾಧ್ಯ. ಸಂಸ್ಥೆ ಬದಲಾಯಿಸಿದರೆ ಮೊಬೈಲ್ ಸಂಖ್ಯೆಯನ್ನೇ ಕಳೆದುಕೊಳ್ಳಬೇಕೆಂಬ ಭಯ ಒಂದು ಕಾಲದಲ್ಲಿ ಗ್ರಾಹಕನನ್ನು ಕಟ್ಟಿಹಾಕಿತ್ತು. 2011ರ ಜನವರಿ 20ರಂದು ದೇಶದಾದ್ಯಂತ ಜಾರಿಯಾದ ಸಂಖ್ಯಾ ವರ್ಗಾವಣೆಯ ಸೌಲಭ್ಯ ಆ ಕಟ್ಟನ್ನು ಸಡಿಲಿಸಿತು. ಒಬ್ಬ ಹೊಸ ಸ್ಪರ್ಧಿಯನ್ನೂ ಕರೆತರದೆ ಪೈಪೋಟಿಯನ್ನು ಹರಿತಗೊಳಿಸಿದ ಕ್ರಮವಿದು.

ವ್ಯತ್ಯಾಸಗಳೆಲ್ಲ ಕೆಟ್ಟವೆಂದು ಇದರ ಅರ್ಥವಲ್ಲ. ತನ್ನ ಅಭಿರುಚಿಗೆ ಒಪ್ಪುವ ಸರಕಿಗೆ ಗ್ರಾಹಕ ನಾಲ್ಕು ಕಾಸು ಹೆಚ್ಚು ಕೊಡುವುದು ಅವನ ಇಷ್ಟ. ಆ ಲಾಭದ ಆಸೆಯಿಲ್ಲದಿದ್ದರೆ ಹೊಸದನ್ನು ರೂಪಿಸುವವರೂ ವಿರಳವಾದಾರು. ಪ್ರಯೋಜನವಿರುವ ವ್ಯತ್ಯಾಸ ಬೇರೆ, ಗ್ರಾಹಕನನ್ನು ಕದಲದಂತೆ ಹಿಡಿದಿಡುವ ವ್ಯತ್ಯಾಸ ಬೇರೆ. ಪೈಪೋಟಿಯ ನಿಗಾ ವಹಿಸಿದವರು ಸಂಸ್ಥೆಗಳನ್ನು ಎಣಿಸಿ ಸುಮ್ಮನಾಗದೆ, ಇವೆರಡನ್ನು ಬೇರ್ಪಡಿಸಿ ನೋಡುವುದು ಅಗತ್ಯ.