ನೀವು ಬರೆದ ‘ಬೇಡ’ ಎಲ್ಲಿದೆ?

ಒಂದು ಸಂದರ್ಭ ಊಹಿಸಿಕೊಳ್ಳಿ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗಿ. ಹಿಂದೆ ಅಲ್ಲೇ ಕೆಲಸಕ್ಕಿದ್ದವನೊಬ್ಬ ಅವಳಿಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಕಳಿಸತೊಡಗುತ್ತಾನೆ. ‘ಊಟ ಆಯ್ತಾ’ದಿಂದ ಶುರು. ಸೌಜನ್ಯಕ್ಕೆಂದು ಒಂದೆರಡು ಸಲ ಉತ್ತರಿಸಿದವಳು, ಮಾತು ದಾರಿ ತಪ್ಪಿದಾಗ ‘ಇನ್ನು ಮೇಲೆ ನನಗೆ ಮೆಸೇಜ್ ಮಾಡಬೇಡಿ’ ಎಂದು ಬರೆಯುತ್ತಾಳೆ. ಅವನು ನಿಲ್ಲಿಸುವುದಿಲ್ಲ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಬರುತ್ತಾನೆ, ಕೊಳಕು ವಾಯ್ಸ್ ನೋಟ್ ಕಳಿಸುತ್ತಾನೆ. ಮನೆಯವರ ಕಣ್ಣಿಗೆ ಬಿದ್ದರೆ ಏನು ಗತಿ ಎಂದು ಹೆದರಿ ಅವಳು ಇಡೀ ಚಾಟನ್ನೇ ಅಳಿಸಿಬಿಡುತ್ತಾಳೆ. ಕೆಲವು ದಿನಗಳ ಮೇಲೆ ಹೊಸದೊಂದು ನಂಬರಿನಿಂದ ‘ನಿನ್ನ ಮನೆ ಎಲ್ಲಿದೆ ಅಂತ ಗೊತ್ತು’ ಎಂದು ಬಂದಾಗ ಅಣ್ಣನನ್ನು ಕರೆದುಕೊಂಡು ಠಾಣೆಗೆ ಹೋಗುತ್ತಾಳೆ. ತೋರಿಸಲು ಉಳಿದಿರುವುದು ಆ ಒಂದೇ ಸಾಲು.

ಆ ಸಾಲಿನಲ್ಲಿ ಬೆದರಿಕೆಯ ವಾಸನೆ ಇದೆ, ನಿಜ. ಆದರೆ ಅವನು ನಡೆಸಿದ್ದು ಅಷ್ಟೇ ಅಲ್ಲವಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹೆಣ್ಣುಮಕ್ಕಳ ಬೆನ್ನು ಹತ್ತುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲ ಶಿಕ್ಷೆಯಾದರೆ 3 ವರ್ಷದವರೆಗೆ ಜೈಲು ಮತ್ತು ದಂಡ. ಸಂಪರ್ಕಿಸಿ ಪೀಡಿಸುವವನ ವಿಷಯದಲ್ಲಿ ಆ ಕಲಮು ಎರಡು ಸಂಗತಿಗಳನ್ನು ಕೇಳುತ್ತದೆ: ಆಕೆ ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿರಬೇಕು, ಆಮೇಲೂ ಅವನು ಮತ್ತೆ ಮತ್ತೆ ಸಂಪರ್ಕಿಸಿರಬೇಕು ಅಥವಾ ಸಂಪರ್ಕಿಸಲು ಯತ್ನಿಸಿರಬೇಕು. ಅಂದರೆ ಇಡೀ ಚಾಟಿನಲ್ಲಿ ಬಲು ಬೆಲೆಯುಳ್ಳ ಸಾಲು ಅವನು ಬರೆದ ಹೊಲಸಲ್ಲ, ಇವಳು ಬರೆದ ‘ಮಾಡಬೇಡಿ’. ಅದರ ಕೆಳಗೆ ಬಂದು ಬಿದ್ದ ಪ್ರತಿಯೊಂದು ಮೆಸೇಜೂ, ‘ಗುಡ್ ಮಾರ್ನಿಂಗ್’ ಕೂಡ, ಲೆಕ್ಕಕ್ಕೆ ಬರುತ್ತದೆ. ಚಾಟ್ ಅಳಿಸಿದಾಗ ಆ ಗೆರೆಯೇ ಅಳಿಸಿಹೋಯಿತು.

ಇನ್ನೊಂದು ತೊಡಕಿದೆ. ‘ಡಿಲೀಟ್ ಫಾರ್ ಮಿ’ ಒತ್ತಿದರೆ ಹೋಗುವುದು ನಿಮ್ಮ ಪ್ರತಿ ಮಾತ್ರ, ಅವನ ಫೋನಿನಲ್ಲಿರುವುದು ಹಾಗೇ ಇರುತ್ತದೆ. ಅವನು ತನ್ನ ಕೆಟ್ಟ ಮೆಸೇಜುಗಳನ್ನು ಆರಿಸಿ ತೆಗೆದು, ಇವಳ ಮೊದಮೊದಲಿನ ನಗುಮುಖದ ಉತ್ತರಗಳನ್ನಷ್ಟೇ ಉಳಿಸಿಕೊಂಡು ‘ನಾವು ಸ್ನೇಹಿತರಾಗಿದ್ದೆವು ಸಾರ್’ ಎಂದರೆ, ಎದುರಿಗೆ ಇಡಲು ಇವಳಲ್ಲಿ ಏನೂ ಇಲ್ಲ. ಕಂಪನಿಯಿಂದ ತರಿಸಿಕೊಳ್ಳಬಹುದಲ್ಲ ಎಂದು ಹಲವರು ನಂಬಿರುತ್ತಾರೆ. ವಾಟ್ಸಾಪ್ ತಲುಪಿದ ಮೆಸೇಜನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಪೊಲೀಸರು ಕೇಳಿದರೆ ಖಾತೆಯ ವಿವರ ಸಿಗಬಹುದು, ಮಾತುಕತೆ ಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಚಾಟಿನಲ್ಲಿ ಡಿಸಪಿಯರಿಂಗ್ ಮೆಸೇಜ್ ಚಾಲೂ ಇದೆಯೇ ನೋಡಿ. ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲವೂ ತಾನಾಗಿ ಮಾಯವಾಗುತ್ತದೆ. ನೀವು ಆಫ್ ಮಾಡಿದರೂ ಹಳೆಯ ಮೆಸೇಜುಗಳ ಗಡಿಯಾರ ನಿಲ್ಲುವುದಿಲ್ಲ, ಆಫ್ ಮಾಡಿದ್ದು ಅವನಿಗೂ ಕಾಣುತ್ತದೆ. ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಆಫ್. ಒಂದೇ ಸಲ ನೋಡಲು ಬರುವ ಫೋಟೋವನ್ನು ಸ್ಕ್ರೀನ್‌ಶಾಟ್ ತೆಗೆಯಲು ವಾಟ್ಸಾಪ್ ಬಿಡುವುದಿಲ್ಲ; ತೆರೆಯುವ ಮೊದಲೇ ಇನ್ನೊಂದು ಫೋನನ್ನು ಕೈಯಲ್ಲಿ ಹಿಡಿದಿರಿ.

ಸ್ಕ್ರೀನ್‌ಶಾಟ್ ತೆಗೆಯುವಾಗ ಕೆಟ್ಟ ಸಾಲನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳುವವರೇ ಹೆಚ್ಚು. ಹಾಗೆ ಮಾಡಬೇಡಿ. ಮೊದಲ ಮೆಸೇಜಿನಿಂದ ಹಿಡಿದು, ಒಂದು ಚಿತ್ರದ ಕೊನೆಯ ಸಾಲು ಮುಂದಿನದರ ಮೊದಲ ಸಾಲಾಗಿ ಬರುವಂತೆ ತೆಗೆಯುತ್ತಾ ಬನ್ನಿ. ನಡುವೆ ಏನೂ ಬಿಟ್ಟಿಲ್ಲ ಎಂಬುದು ಆಗ ಯಾರಿಗಾದರೂ ಕಾಣುತ್ತದೆ. ತಾರೀಖು ಕಾಣಲಿ. ನಿಮ್ಮ ಉತ್ತರಗಳೂ ಇರಲಿ, ಸಿಟ್ಟಿನಲ್ಲಿ ಬೈದದ್ದಿದ್ದರೆ ಅದೂ ಇರಲಿ. ಅದನ್ನು ಮುಚ್ಚಿಟ್ಟು ಆಮೇಲೆ ಹೊರಬಿದ್ದರೆ ಆಗುವ ನಷ್ಟ ಹೆಚ್ಚು. ಕೆಂಪು ಗೆರೆ ಎಳೆಯಬೇಕೆನಿಸಿದರೆ ಬೇರೊಂದು ಪ್ರತಿಯ ಮೇಲೆ ಎಳೆಯಿರಿ. ಅವನು ಕಳಿಸಿ ತಾನೇ ಅಳಿಸಿದ ಮೆಸೇಜಿನ ಜಾಗದಲ್ಲಿ ಉಳಿಯುವ ‘ಅಳಿಸಲಾಗಿದೆ’ ಎಂಬ ಗುರುತನ್ನೂ ಹಿಡಿದಿಡಿ.

ಮುಂದೆ ಚಾಟ್ ಎಕ್ಸ್‌ಪೋರ್ಟ್. ಚಾಟಿನ ಮೆನುವಿನಲ್ಲಿ ಸಿಗುವ ಈ ಆಯ್ಕೆ ಮಾತುಕತೆಯನ್ನು ಸಮಯಸಹಿತ ಒಂದು ಫೈಲ್ ಮಾಡಿಕೊಡುತ್ತದೆ. ವಾಯ್ಸ್ ನೋಟ್ ಮತ್ತು ಫೋಟೋಗಳೂ ಬೇಕಾದ್ದರಿಂದ ಮೀಡಿಯಾ ಸಹಿತವೇ ಮಾಡಿ. ಇಲ್ಲೊಂದು ಹೊಂಡವಿದೆ: ನಂಬರನ್ನು ನೀವು ‘ಹಳೆ ಅಂಗಡಿ ರಮೇಶ’ ಎಂದು ಸೇವ್ ಮಾಡಿಕೊಂಡಿದ್ದರೆ ಫೈಲಿನಲ್ಲಿ ಬರುವುದು ಆ ಹೆಸರು, ನಂಬರಲ್ಲ. ಹೆಸರನ್ನು ನೀವೇ ಇಟ್ಟದ್ದಲ್ಲವೇ ಎಂದು ಎದುರಾಳಿ ವಕೀಲರು ಕೇಳದೆ ಬಿಡುವುದಿಲ್ಲ. ಹಾಗಾಗಿ ಪ್ರೊಫೈಲ್ ತೆರೆದು ನಂಬರು ಕಾಣುವ ಪುಟದ ಚಿತ್ರವೂ ಬೇಕು. ಅಲ್ಲಿಂದಲೇ ಶುರುಮಾಡಿ ಚಾಟಿನ ಕೊನೆಯವರೆಗೆ ನಿಧಾನವಾಗಿ ಉರುಳಿಸುವ ಸ್ಕ್ರೀನ್ ರೆಕಾರ್ಡಿಂಗ್ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೆ ಬ್ಲಾಕ್ ಮಾಡಬಹುದು. ಬ್ಲಾಕ್ ಮಾಡಿದರೆ ಚಾಟ್ ಹೋಗುವುದಿಲ್ಲ. ಬ್ಲಾಕ್ ಆದಮೇಲೂ ಬೇರೆ ನಂಬರಿನಿಂದ ಬಂದರೆ ಅದು ದೂರಿಗೆ ಬಲವೇ, ನನ್ನ ಮಟ್ಟಿಗೆ. ಆದರೆ ಕಂಪನಿಗೆ ರಿಪೋರ್ಟ್ ಮಾಡುವಾಗ ಚಾಟನ್ನೂ ಅಳಿಸುವ ಆಯ್ಕೆ ಜೊತೆಗೇ ಬರುತ್ತದೆ. ಆ ಗುರುತು ಬಿದ್ದಿದ್ದರೆ ತೆಗೆಯಿರಿ.

ಫೈಲುಗಳನ್ನು ಇಡುವ ಜಾಗದ ಬಗ್ಗೆ ಎಚ್ಚರ ಬೇಕು. ಮನೆಯವರೆಲ್ಲ ನೋಡುವ ಫೋಟೋ ಖಾತೆಗೆ ತಾನಾಗಿ ಹೋಗದಿರಲಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ತೆರೆದು ಅಪರಿಚಿತ ಕಂಪ್ಯೂಟರ್ ಇದ್ದರೆ ತೆಗೆಯಿರಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ನಂಬಿಕಸ್ಥರ ಬಳಿ ಇರಲಿ. ಪೀಡಿಸುವವನು ಮನೆಯೊಳಗೇ ಇದ್ದು ಫೋನ್ ಕಸಿದು ನೋಡುವವನಾದರೆ ಲೆಕ್ಕವೇ ಬೇರೆ. ಅಂಥಲ್ಲಿ ಪ್ರತಿಗಳನ್ನು ಹೊರಗೆ ದಾಟಿಸಿ ಚಾಟ್ ಅಳಿಸುವುದೇ ಕ್ಷೇಮವೆನಿಸಿದರೆ ಅಳಿಸಿ. ಪುರಾವೆಗಿಂತ ಜೀವ ಮೊದಲು.

ಆದರೆ ಮಗುವಿನ ನಗ್ನ ಚಿತ್ರ ಬಂದಿದ್ದರೆ ಮೇಲೆ ಹೇಳಿದ್ದು ಅನ್ವಯಿಸದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಂಥದ್ದನ್ನು ಡೌನ್‌ಲೋಡ್ ಮಾಡುವುದು, ಹಂಚುವುದು ಅಪರಾಧ. ಪ್ರತಿ ತೆಗೆಯದೆ, ಯಾರಿಗೂ ಕಳಿಸದೆ, ಫೋನನ್ನೇ ಪೊಲೀಸರ ಬಳಿ ಕೊಂಡೊಯ್ಯಿರಿ.

ಕೋರ್ಟಿನಲ್ಲಿ ಸ್ಕ್ರೀನ್‌ಶಾಟಿನ ಪ್ರಿಂಟು ಒಂದೇ ನಿಲ್ಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಜೊತೆಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ದಾಖಲೆ ಹಾಜರುಪಡಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕುತ್ತಾರೆ. ಮೂಲ ಸಾಧನವನ್ನೇ ಅದರ ಒಡೆಯರು ಸಾಕ್ಷಿಕಟ್ಟೆಗೆ ಬಂದು ಹಾಜರುಪಡಿಸಿದರೆ ಪ್ರಮಾಣಪತ್ರದ ಅಗತ್ಯವಿಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯಡಿ ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು. ಅದಕ್ಕೇ ಎಷ್ಟು ಪ್ರತಿ ಮಾಡಿಕೊಂಡರೂ ಮೂಲ ಚಾಟ್ ಆ ಫೋನಿನಲ್ಲೇ ಇರಬೇಕು ಎನ್ನುವುದು. ಎಕ್ಸ್‌ಚೇಂಜ್ ಆಫರಿಗೆ ಅದನ್ನು ಕೊಟ್ಟುಬಿಡಬೇಡಿ, ರೀಸೆಟ್ ಮಾಡಬೇಡಿ.

ಈಗಾಗಲೇ ಅಳಿಸಿಬಿಟ್ಟಿದ್ದರೆ? ದೂರು ಕೊಡಿ, ನಿಮ್ಮ ಬಾಯಿಮಾತೂ ಸಾಕ್ಷ್ಯವೇ. ಹಿಂದೆ ಯಾವ ಗೆಳತಿಗಾದರೂ ಸ್ಕ್ರೀನ್‌ಶಾಟ್ ಕಳಿಸಿದ್ದಿರಾ ನೆನಪಿಸಿಕೊಳ್ಳಿ. ವಾಟ್ಸಾಪ್ ಬ್ಯಾಕಪ್ ಸಾಮಾನ್ಯವಾಗಿ ನಡುರಾತ್ರಿಯ ನಂತರ ನಡೆಯುವಂಥದ್ದು. ಹೊಸ ಬ್ಯಾಕಪ್ ಆದಾಗ ಹಳೆಯದು ಹೋಗುತ್ತದೆ. ಆದ್ದರಿಂದ ಅಳಿಸಿದ ದಿನವೇ ಎಚ್ಚೆತ್ತರೆ ಆಟೋ ಬ್ಯಾಕಪ್ ನಿಲ್ಲಿಸಿ, ನೀವೇ ರಿಸ್ಟೋರ್ ಮಾಡಲು ಹೋಗದೆ, ಜಿಲ್ಲೆಯ ಸಿಇಎನ್ ಠಾಣೆಗೆ ಫೋನ್ ಒಯ್ದು ಹಾಗೆಯೇ ಹೇಳಿ. ಅವರು ಫೋನನ್ನು ವಶಕ್ಕೆ ಪಡೆದರೆ ಮಾಡೆಲ್, ಐಎಂಇಐ ನಂಬರು ಬರೆದ ಮಹಜರಿನ ಅಥವಾ ರಸೀದಿಯ ಪ್ರತಿ ಕೇಳಿ ಪಡೆಯಿರಿ.